ಶಿರಸಿ ಸೀಮೆಯ ಸೊಪ್ಪಿನಬೆಟ್ಟಗಳಲ್ಲಿ ಮರಗಳ ಪುನರುತ್ಪತ್ತಿ: ಮಹಾಪ್ರಬಂಧದ ಮೌಖಿಕ ಪರೀಕ್ಷೆಗೆ ಮಂಡನೆಯ ರೂಪುರೇಖೆ

ಮಂಡನೆಗೆ ಇಪ್ಪತ್ತು ನಿಮಿಷ, ಎಂಟು ಸ್ಲೈಡ್. ವಿಧಾನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಉಳಿಸಿದ ಸಮಯವನ್ನು ಊಹೆಗಳು ಮತ್ತು ಮಿತಿಗಳನ್ನು ವಿವರಿಸುವ ಆರನೆಯ ಹಾಗೂ ಏಳನೆಯ ಸ್ಲೈಡುಗಳಿಗೆ ಬಳಸುತ್ತೇನೆ.

ಸ್ಲೈಡ್ 1: ಆರಂಭ

"ಮಾನ್ಯ ಪರೀಕ್ಷಕರಿಗೂ ಮಾರ್ಗದರ್ಶಕರಿಗೂ ನಮಸ್ಕಾರ. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಹಸಿರು ಸೊಪ್ಪನ್ನೂ ಒಣಗಿ ಉದುರಿದ ಎಲೆಯಾದ ದರಕನ್ನೂ ಒದಗಿಸುವ ಸೊಪ್ಪಿನಬೆಟ್ಟದಲ್ಲಿ ಮುಂದಿನ ತಲೆಮಾರಿನ ಮರಗಳು ಬೆಳೆಯುತ್ತಿವೆಯೇ, ಇಲ್ಲವಾದರೆ ಯಾವ ಹಂತದಲ್ಲಿ ನಿಂತುಹೋಗುತ್ತಿವೆ ಎಂಬುದು ನನ್ನ ಪ್ರಶ್ನೆ."

ಸ್ಲೈಡ್ 2: ಹಿನ್ನೆಲೆ

ಜಿಲ್ಲೆಯು ಮುಂಬಯಿ ಆಡಳಿತದಲ್ಲಿದ್ದ ಕಾಲದಿಂದ (1862ರಿಂದ 1956ರವರೆಗೆ) ನಡೆದುಬಂದ ಬೆಟ್ಟದ ಸವಲತ್ತಿನಲ್ಲಿ ರೈತನಿಗೆ ಸೊಪ್ಪಿನ ಮೇಲೆ ಹಕ್ಕಿದೆ, ನೆಲ ಮತ್ತು ಮರದ ಒಡೆತನವಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳುತ್ತೇನೆ. ಕಾನೂನಿನ ಇತಿಹಾಸ ಪ್ರಬಂಧದ ವಿಷಯವಲ್ಲ.

ಸ್ಲೈಡ್ 3 ಮತ್ತು 4: ವಿಧಾನ

ಹದಿನೆಂಟು ಬೆಟ್ಟಗಳು ಮತ್ತು ಹೋಲಿಕೆಗಾಗಿ ದಟ್ಟ ನಿತ್ಯಹರಿದ್ವರ್ಣ ಕಾಡಾದ ಆರು ಕಾನುಗಳು. ಪ್ರತಿಯೊಂದರಲ್ಲೂ 20 ಮೀಟರ್ ಚದರದ ಮೂರು ಪ್ಲಾಟುಗಳಲ್ಲಿ ಮರಗಳನ್ನೂ ಎಳೆಮರಗಳನ್ನೂ ಎಣಿಸಿ, ಅವುಗಳೊಳಗಿನ 2 ಮೀಟರ್ ಚದರದ ಉಪಪ್ಲಾಟುಗಳಲ್ಲಿ ಸಸಿಗಳಿಗೆ 2022ರ ಜೂನ್‌ನಲ್ಲಿ ತಗಡಿನ ಗುರುತು ಕಟ್ಟಿ, 2024ರ ಜೂನ್‌ವರೆಗೆ ಆರು ತಿಂಗಳಿಗೊಮ್ಮೆ ನೋಡಿದೆ. ಸೊಪ್ಪು ಕಡಿದ ಪ್ರಮಾಣವನ್ನು ಪ್ರತಿ ಮರಕ್ಕೂ 0ರಿಂದ 4ರವರೆಗಿನ ಅಂಕದಲ್ಲಿ ಗುರುತಿಸಿದೆ. ಪರದೆಯ ಮೇಲೆ ಮುಖ್ಯ ಮಾದರಿಯ ಒಂದು ಸಾಲು ಮಾತ್ರ ಇರುತ್ತದೆ:

```
glmmTMB(saplings ~ lopping + distance + slope + (1 | betta),
        family = nbinom2, data = d)
```

ಸ್ಲೈಡ್ 5: ಫಲಿತಾಂಶ

ಹೆಚ್ಚು ಕಡಿದ ಬೆಟ್ಟಗಳಲ್ಲೂ ಕಡಿಮೆ ಕಡಿದ ಬೆಟ್ಟಗಳಲ್ಲೂ ಮೊದಲ ಮಳೆಗಾಲದ ಸಸಿಗಳ ಸಾಂದ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಎದೆಮಟ್ಟ ದಾಟಿದ ಎಳೆಮರಗಳು ಹೆಚ್ಚು ಕಡಿದಲ್ಲಿ ಸ್ಪಷ್ಟವಾಗಿ ಕಡಿಮೆ. ಅಂದರೆ ಬೀಜ ಬೀಳುತ್ತಿದೆ, ಮೊಳೆಯುತ್ತಿದೆ, ಬೆಳೆದು ನಿಲ್ಲುತ್ತಿಲ್ಲ. ಈ ಕೊರತೆ ಗುಳಮಾವು, ಉಪ್ಪಾಗೆಗಳಲ್ಲಿ ಹೆಚ್ಚು, ಮತ್ತಿ ಮತ್ತು ಕಿಂದಲಗಳಲ್ಲಿ ಕಡಿಮೆ. ಇಲ್ಲಿ "ಕಡಿತದಿಂದ" ಎನ್ನದೆ "ಕಡಿತ ಹೆಚ್ಚಿರುವಲ್ಲಿ" ಎಂದೇ ಹೇಳಬೇಕು. ಈ ಪದದ ಎಚ್ಚರದ ಮೇಲೆ ಇಡೀ ಮಂಡನೆ ನಿಂತಿದೆ.

ಸ್ಲೈಡ್ 6: ನಾನು ಮಾಡಿಕೊಂಡ ಊಹೆಗಳು

ಮೊದಲನೆಯದು, ಇಂದು ಹೆಚ್ಚು ಕಡಿದಿರುವ ಬೆಟ್ಟವೂ ಕಡಿಮೆ ಕಡಿದಿರುವ ಬೆಟ್ಟವೂ ಹಿಂದೆ ಒಂದೇ ಬಗೆಯ ಕಾಡಾಗಿದ್ದವು ಎಂಬ ಊಹೆ. ಒಂದೇ ಜಾಗವನ್ನು ಐವತ್ತು ವರ್ಷ ನೋಡಲಾಗದಿದ್ದಾಗ ಬೇರೆ ಬೇರೆ ಜಾಗಗಳನ್ನು ಒಂದೇ ಕಾಲದಲ್ಲಿ ನೋಡಿ ಕಾಲದ ಬದಲಾವಣೆಯನ್ನು ಊಹಿಸುವ ಈ ಕ್ರಮಕ್ಕೆ ನನ್ನಲ್ಲಿರುವ ಆಧಾರ ಒಂದೇ: 150 ಸೆಂ.ಮೀ. ಸುತ್ತಳತೆ ಮೀರಿದ ಹಳೆಯ ಮರಗಳ ಜಾತಿ ಸಂಯೋಜನೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದೆ. ಇದು ಊಹೆಗೆ ಬೆಂಬಲವೇ ಹೊರತು ಸಾಬೀತಲ್ಲ.

ಎರಡನೆಯದು, ಎಣಿಸಿದ ಎಳೆಮರ ಬೀಜದಿಂದ ಬಂದದ್ದು ಎಂಬುದು. ಇದನ್ನು ಪ್ರಶ್ನಿಸಿದವರು ಬೆಟ್ಟದ ಸವಲತ್ತಿರುವ ಒಬ್ಬ ಹಿರಿಯ ರೈತರು. ನಾನು ಮತ್ತಿಯ ಎಳೆಮರಗಳಿಗೆ ಗುರುತು ಕಟ್ಟುತ್ತಿದ್ದಾಗ ಅವರು ಕತ್ತಿಯ ತುದಿಯಿಂದ ದರಕು ಸರಿಸಿ, ಗೇಣುದ್ದ ಮಣ್ಣು ಕೆದಕಿ, "ಇದು ಸಸಿ ಅಲ್ಲ ತಮ್ಮಾ, ಹಳೇ ಬೇರಿನ ಚಿಗುರು" ಎಂದು ತೋರಿಸಿದರು. ಆ ಒಂದು ತುಂಡು ನೆಲದಲ್ಲಿ ನಾನು ಎಣಿಸಿದ್ದ ಹನ್ನೊಂದರಲ್ಲಿ ಏಳು ಒಂದೇ ಬೇರಿಗೆ ಅಂಟಿಕೊಂಡಿದ್ದವು. ಅಂದಿನಿಂದ ಎಲ್ಲ ಪ್ಲಾಟುಗಳಲ್ಲೂ ಬುಡ ಕೆದಕಿ ನೋಡಿ, ಬೇರುಚಿಗುರನ್ನು ಬೇರೆಯಾಗಿ ದಾಖಲಿಸಿ, ಮೊದಲು ಮುಗಿಸಿದ್ದ ನಾಲ್ಕು ಬೆಟ್ಟಗಳನ್ನು ಮತ್ತೆ ಅಳೆದೆ. ಮತ್ತಿ, ಕಿಂದಲಗಳು ಕಡಿತವನ್ನು ತಾಳಿಕೊಂಡಂತೆ ಕಾಣುವುದಕ್ಕೆ ಈ ಚಿಗುರುಗಳು ದೊಡ್ಡ ಕಾರಣ. ಈ ತಿದ್ದುಪಡಿಯನ್ನು ಪರೀಕ್ಷಕರು ಕೇಳುವ ಮೊದಲೇ ಹೇಳುತ್ತೇನೆ, ಆ ಹಿರಿಯರ ಋಣವನ್ನೂ ಸ್ಮರಿಸುತ್ತೇನೆ.

ಸ್ಲೈಡ್ 7: ನಿರೀಕ್ಷಿತ ಪ್ರಶ್ನೆಗಳು

*ಸೊಪ್ಪು ಕಡಿಯುವ ಪರಿಣಾಮವನ್ನು ದರಕು ಗುಡಿಸುವ ಪರಿಣಾಮದಿಂದ ಹೇಗೆ ಬೇರ್ಪಡಿಸಿದಿರಿ?*
ಬೇರ್ಪಡಿಸಲಾಗಿಲ್ಲ. ಇದೇ ಪ್ರಬಂಧದ ಅತಿದೊಡ್ಡ ಮಿತಿ. ಹೆಚ್ಚು ಕಡಿಯುವ ಮನೆಯವರೇ ಹೆಚ್ಚು ಗುಡಿಸುತ್ತಾರೆ. ಕಸಬರಿಗೆಗೆ ಸಿಕ್ಕಿ ಎಳೆಯ ಸಸಿ ಕಿತ್ತುಬರುವುದನ್ನೂ, ದರಕು ಹೋದ ನೆಲ ಬೇಸಗೆಯಲ್ಲಿ ಗಟ್ಟಿಯಾಗುವುದನ್ನೂ ಕಂಡಿದ್ದೇನೆ. ನಾಲ್ಕು ಬೆಟ್ಟಗಳಲ್ಲಿ ರೈತರ ಒಪ್ಪಿಗೆ ಪಡೆದು ಗುಡಿಸದೆ ಬಿಟ್ಟ ಸಣ್ಣ ತುಂಡುಗಳು ಒಂದೇ ವರ್ಷದವು, ಆದ್ದರಿಂದ ಅವನ್ನು ಅನುಬಂಧದಲ್ಲಿಟ್ಟಿದ್ದೇನೆ, ತೀರ್ಮಾನಕ್ಕೆ ಬಳಸಿಲ್ಲ.

*ಪ್ಲಾಟುಗಳು 54 ಇದ್ದರೂ ಅವು ಸ್ವತಂತ್ರವಲ್ಲವಲ್ಲ?*
ಹೌದು. 1984ರಲ್ಲಿ ಹರ್ಲ್‌ಬರ್ಟ್ ಅವರು ಎಚ್ಚರಿಸಿದ ಹುಸಿ ಪುನರಾವರ್ತನೆಯ ದೋಷಕ್ಕೆ ಸಿಲುಕಬಾರದೆಂದೇ ಬೆಟ್ಟವನ್ನು ಯಾದೃಚ್ಛಿಕ ಅಂಶವಾಗಿ ಮಾದರಿಯಲ್ಲಿ ಸೇರಿಸಿದ್ದೇನೆ. ನನ್ನ ನಿಜವಾದ ಮಾದರಿ ಗಾತ್ರ 18 ಎಂದೇ ಭಾವಿಸಿ ವಿಶ್ವಾಸಾಂತರಗಳನ್ನು ಓದಬೇಕು.

*ನೆರಳಿನ ಪ್ರಮಾಣವನ್ನು ಮಾದರಿಯಿಂದ ಏಕೆ ಬಿಟ್ಟಿರಿ?*
ಕೊಂಬೆ ಕಡಿದುದರಿಂದಲೇ ನೆರಳು ಕಡಿಮೆಯಾಗುತ್ತದೆ. ಅದು ಕಡಿತದ ಪರಿಣಾಮ ಸಾಗುವ ದಾರಿ. ಅದನ್ನು ಸ್ಥಿರವಾಗಿರಿಸಿದರೆ ನಾನು ಅಳೆಯಬೇಕಾದುದನ್ನೇ ಅಳಿಸಿದಂತಾಗುತ್ತದೆ. ಮನೆಯಿಂದ ಇರುವ ದೂರ ಹಾಗಲ್ಲ: ಹತ್ತಿರದ ಬೆಟ್ಟದಲ್ಲಿ ಸೊಪ್ಪೂ ಹೆಚ್ಚು ಕಡಿಯುತ್ತಾರೆ, ದನವೂ ಹೆಚ್ಚು ಮೇಯುತ್ತವೆ. ಆದ್ದರಿಂದ ದೂರವನ್ನು ಸೇರಿಸಿದೆ. ಸೇರಿಸಿದಾಗ ಕಡಿತದ ಅಂದಾಜು ಸುಮಾರು ಮೂರನೆಯ ಒಂದು ಭಾಗ ಇಳಿಯಿತು, ಆದರೆ ಉಳಿಯಿತು. ಮೇವಿನ ಒತ್ತಡವನ್ನು ನೇರವಾಗಿ ಅಳೆಯಬೇಕಿತ್ತು, ಅಳೆದಿಲ್ಲ.

*ಎರಡೇ ವರ್ಷದಿಂದ ಮರಗಳ ಭವಿಷ್ಯ ಹೇಳಬಹುದೇ?*
ಹೇಳಲಾಗದು. ಅದೂ ಅಲ್ಲದೆ 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಸಸಿಗಳ ಸಾವಿನ ಪ್ರಮಾಣವನ್ನು ಸಾಮಾನ್ಯ ವರ್ಷದ ಅಂಕಿಯೆಂದು ಪರಿಗಣಿಸಬಾರದು. ಎಳೆಮರಗಳ ಎಣಿಕೆ ಮಾತ್ರ ಹಿಂದಿನ ಹಲವು ವರ್ಷಗಳ ಬೆಳವಣಿಗೆಯ ಫಲ. ನನ್ನ ಮುಖ್ಯ ವಾದ ಅದರ ಮೇಲಿದೆ.

*ಕಾನುಗಳನ್ನು ಮುಟ್ಟದ ಕಾಡೆಂದು ಭಾವಿಸಿದ್ದೀರಾ?*
ಇಲ್ಲ. ಕಾನಿನಿಂದಲೂ ಜನ ಉಪ್ಪಾಗೆ, ಕಾಳುಮೆಣಸು ತಂದಿದ್ದಾರೆ. ಅದು ಹೋಲಿಕೆಯ ನೆಲೆ ಮಾತ್ರ, ಬೆಟ್ಟ ಮುಟ್ಟಬೇಕಾದ ಗುರಿಯಲ್ಲ. ಮುಖ್ಯ ಮಾದರಿಯಲ್ಲಿ ಬೆಟ್ಟಗಳನ್ನು ಬೆಟ್ಟಗಳೊಡನೆಯೇ ಹೋಲಿಸಿದ್ದೇನೆ.

*ಒಪ್ಪಿಗೆ ಕೊಟ್ಟ ರೈತರ ಬೆಟ್ಟಗಳನ್ನಷ್ಟೇ ನೋಡಿದ್ದರಿಂದ ಪಕ್ಷಪಾತವಾಗಲಿಲ್ಲವೇ?*
ಆಗಿರಬಹುದು. ಐದು ಮನೆಯವರು ಒಪ್ಪಲಿಲ್ಲ. ಚೆನ್ನಾಗಿ ನೋಡಿಕೊಂಡ ಬೆಟ್ಟದವರೇ ಒಪ್ಪುವ ಸಂಭವ ಹೆಚ್ಚೆಂದು ಭಾವಿಸಿದರೆ, ತೀರಾ ಬೋಳಾದ ಬೆಟ್ಟಗಳು ನನ್ನ ಅಧ್ಯಯನದಿಂದ ಹೊರಗುಳಿದಿವೆ. ಹೀಗಾಗಿ ತಾಲ್ಲೂಕಿನ ಎಲ್ಲ ಬೆಟ್ಟಗಳ ಸ್ಥಿತಿ ಇದೇ ಎಂದು ಪ್ರಬಂಧದಲ್ಲಿ ಎಲ್ಲಿಯೂ ಬರೆದಿಲ್ಲ.

ಸಸಿಗಳ ಗುರುತಿಸುವಿಕೆಯ ಬಗ್ಗೆ ಕೇಳಿದರೆ: ನೇರಳೆಯ ಕುಲದ ಮೊದಲ ವರ್ಷದ ಸಸಿಗಳನ್ನು ಜಾತಿಮಟ್ಟದಲ್ಲಿ ಬೇರ್ಪಡಿಸದೆ ಒಟ್ಟಾಗಿ ಎಣಿಸಿದ್ದೇನೆ.

ಸ್ಲೈಡ್ 8: ಮುಂದಿನ ಕೆಲಸ

ಒಂದೇ ಬೆಟ್ಟದೊಳಗೆ ನಾಲ್ಕು ಬಗೆಯ ತುಂಡುಗಳು ಬೇಕು: ಕಡಿದು ಗುಡಿಸಿದ್ದು, ಕಡಿದು ಗುಡಿಸದ್ದು, ಕಡಿಯದೆ ಗುಡಿಸಿದ್ದು, ಎರಡೂ ಮಾಡದ್ದು. ಗುಡಿಸದ ತುಂಡಿನಲ್ಲಿ, ಮೇಲೆ ಸೊಪ್ಪು ಕಡಿದಿದ್ದರೂ, ಐದು ವರ್ಷಗಳ ಬಳಿಕ ಗುಳಮಾವಿನ ಸಸಿಗಳು ಎದೆಮಟ್ಟಕ್ಕೆ ಬಂದರೆ, ಅಡ್ಡಿ ಕತ್ತಿಯದಲ್ಲ, ಕಸಬರಿಗೆಯದು ಎಂದು ನಾನು ಒಪ್ಪಿಕೊಂಡು ಐದನೆಯ ಅಧ್ಯಾಯದ ತೀರ್ಮಾನವನ್ನು ತಿದ್ದಿ ಬರೆಯಬೇಕಾಗುತ್ತದೆ. "ನಿಮ್ಮ ವಾದವನ್ನು ಯಾವ ಸಾಕ್ಷ್ಯ ಮುರಿಯುತ್ತದೆ?" ಎಂದು ಪರೀಕ್ಷಕರು ಕೇಳಿದರೆ ನನ್ನ ಉತ್ತರ ಇದೇ.