ಹೊಸಬರ ವಿಡಿಯೋ: ಮಳೆಗಾಲದ ಬ್ಯಾಚ್

(ಮಾಚೇನಹಳ್ಳಿಯ ನಮ್ಮ ಫೌಂಡ್ರಿ. ಸುಮಾರು 5 ನಿಮಿಷ. ಮಾತಾಡುವುದು ಮೆಲ್ಟಿಂಗ್ ಸೆಕ್ಷನ್‌ನ ಹಿರಿಯ ಆಪರೇಟರ್ ಒಬ್ಬರೇ. ಮಧ್ಯೆ ತಡವರಿಸಿದರೆ ತಡವರಿಸಲಿ, ರೀಟೇಕ್ ಬೇಡ. ನೋಡಿ ಓದಿದ ಹಾಗೆ ಕೇಳಿಸಿದರೆ ಮಾತ್ರ ಇನ್ನೊಂದು ಸಲ ತೆಗೆಯೋಣ.)

ಗೇಟ್, ಬೆಳಿಗ್ಗೆ ಪಾಳಿ. ಜೋರು ಮಳೆ. ರೇನ್‌ಕೋಟ್ ಹಾಕಿದ ಹೊಸ ಹುಡುಗ ಬೈಕ್ ನಿಲ್ಲಿಸುತ್ತಾನೆ. ಬೂಟಿನಿಂದ ನೀರು ಪಿಚಕ್ ಎನ್ನುವ ಸದ್ದು ಸರಿಯಾಗಿ ಕೇಳಿಸಬೇಕು.

ಆಪರೇಟರ್: ಬನ್ನಿ, ಬನ್ನಿ. ತೀರ್ಥಹಳ್ಳಿ ಕಡೆಯಿಂದ ಬಂದ್ರಾ? ಅಲ್ಲಿ ಇನ್ನೂ ಜಾಸ್ತಿ ಸುರಿಯುತ್ತಿರಬೇಕು. ರೇನ್‌ಕೋಟ್ ಇಲ್ಲೇ ನೇತು ಹಾಕಿ, ಒಳಗೆ ತರಬೇಡಿ. ಬೂಟು, ಸಾಕ್ಸ್ ಕೂಡ ಇಲ್ಲೇ ಬದಲಾಯಿಸಿ. ನೆಲ ಗಲೀಜಾಗುತ್ತೆ ಅಂತ ಹೇಳ್ತಿಲ್ಲ ಮಾರಾಯ್ರೆ, ಫೌಂಡ್ರಿ ನೆಲ ಇನ್ನೆಷ್ಟು ಗಲೀಜಾಗೋಕೆ ಸಾಧ್ಯ!

ಫರ್ನೇಸ್. ದೂರದಿಂದ, ಜೂಮ್ ಹಾಕಿ. ಕ್ಯಾಮೆರಾದವರು ಹಳದಿ ಗೆರೆ ದಾಟಬಾರದು.

ಆಪರೇಟರ್: ಒಳಗಿರುವ ಕಬ್ಬಿಣ ಸುಮಾರು 1,400 ಡಿಗ್ರಿ. ನೀರು ಆವಿಯಾದರೆ 1,600 ಪಟ್ಟಿಗೂ ಜಾಸ್ತಿ ಹಿಗ್ಗುತ್ತೆ. ಮೇಲೆ ಬಿದ್ದ ಒಂದೆರಡು ಹನಿ ಚುಯ್ ಅಂದು ಹಾರಿಹೋಗಬಹುದು. ಅದೇ ನೀರು ಕಬ್ಬಿಣದ ಅಡಿಗೆ ಸಿಕ್ಕಿಕೊಂಡರೆ? ಹೊರಗೆ ಬರೋಕೆ ದಾರಿ ಬೇಕಲ್ವಾ, ಮೇಲಿರುವ ಕಬ್ಬಿಣವನ್ನೆಲ್ಲ ಎತ್ತಿ ಎಸೆದುಕೊಂಡೇ ಬರುತ್ತೆ. ಅದಕ್ಕೇ ಇಲ್ಲಿ ನಮಗೆ ಬೆಂಕಿಗಿಂತ ನೀರಿನ ಭಯ ಜಾಸ್ತಿ. ಊರು ನೋಡಿದರೆ ಮಲೆನಾಡು, ವರ್ಷದಲ್ಲಿ ನಾಲ್ಕು ತಿಂಗಳು ಎಲ್ಲಿ ಮುಟ್ಟಿದರೂ ಒದ್ದೆ.

ಸ್ಕ್ರಾಪ್ ಯಾರ್ಡ್. ಕೈಯಲ್ಲಿ ಹಳೇ ಬೈಕಿನ ಶಾಕ್ ಅಬ್ಸಾರ್ಬರ್. ಹತ್ತಿರದ ಶಾಟ್, ಅವಸರ ಬೇಡ.

ಆಪರೇಟರ್: ಇದನ್ನು ನೋಡಿ. ಹೊರಗೆ ಒಣಗಿದೆ, ಒರೆಸಿದರೆ ಬೆರಳಿಗೆ ಬರೀ ತುಕ್ಕು. ಆದರೆ ಎರಡೂ ಕಡೆ ಮುಚ್ಚಿದೆ, ಒಳಗೆ ಎಣ್ಣೆ ಇದೆ, ಗಾಳಿ ಇದೆ. ಹೀಗೇ ಫರ್ನೇಸ್‌ಗೆ ಹಾಕಿದರೆ ಬಾಂಬ್ ಹಾಕಿದ ಹಾಗೆ. ಬಾಯಿ ಮುಚ್ಚಿದ ಪೈಪು, ಸಿಲಿಂಡರ್, ಡಬ್ಬ ಯಾವುದು ಕಂಡರೂ ಪಕ್ಕಕ್ಕಿಡಿ, ಕತ್ತರಿಸದೆ ಒಳಗೆ ಹೋಗಬಾರದು. ಕಬ್ಬಿಣದ ಮೇಲೆ ತೇಲುವ ಕಸ, ಅಂದರೆ ಸ್ಲ್ಯಾಗ್, ತೆಗೆಯುವ ರಾಡು, ಸ್ಯಾಂಪಲ್ ತೆಗೆಯುವ ಸೌಟು, ಕರಗಿದ ಕಬ್ಬಿಣ ಹೊರುವ ಲ್ಯಾಡಲ್, ಎಲ್ಲವನ್ನೂ ಮೊದಲು ಬಿಸಿ ಮಾಡಬೇಕು. ಒಣಗಿದ ಹಾಗೆ ಕಂಡರೆ ಸಾಲದು.

ಹುಡುಗ (ಒಂದು ತುಂಡು ಎತ್ತಿ): ಅಣ್ಣಾ, ಇದು ಒದ್ದೆ ಅನ್ಸುತ್ತೆ. ನಿಲ್ಲಿಸ್ಲಾ?

ಆಪರೇಟರ್: ನಿಲ್ಲಿಸಿ. ಅನುಮಾನ ಬಂದರೆ ಸಾಕು, ನಿಲ್ಲಿಸಿ. ನಾನೇ ಹಾಕುತ್ತಿದ್ದರೂ ಕೂಗಿ. ಫರ್ನೇಸ್‌ಗೆ ಸ್ಕ್ರಾಪ್ ಹಾಕೋದು ಅರ್ಧ ಗಂಟೆ ತಡವಾಯ್ತು ಅಂತ ಯಾರಾದರೂ ಬೈದರೆ ನನ್ನ ಹತ್ತಿರ ಕಳಿಸಿ.

ಬೆಂಚು. ಬೂಟು, ಪ್ಯಾಂಟು.

ಆಪರೇಟರ್: ಈ ಬೂಟಿಗೆ ಲೇಸ್ ಇಲ್ಲ ಯಾಕೆ? ಒಳಗೆ ಕಿಡಿ ಬಿದ್ದರೆ ಒಂದೇ ಸಲಕ್ಕೆ ಒದ್ದು ಬಿಸಾಕಬೇಕು, ಗಂಟು ಬಿಚ್ಚುತ್ತಾ ಕೂರೋಕಾಗಲ್ಲ. ಪ್ಯಾಂಟು ಬೂಟಿನ ಹೊರಗೇ ಇರಲಿ. ಸ್ಟೈಲ್ ಅಂತ ಒಳಗೆ ತುರುಕಿದರೆ ಕಾಲ ಮೇಲೆ ಬಿದ್ದದ್ದು ಸೀದಾ ಬೂಟಿಗೇ ಇಳಿಯುತ್ತೆ. ನೈಲಾನ್, ಪಾಲಿಯೆಸ್ಟರ್ ಬೇಡ, ಕರಗಿ ಚರ್ಮಕ್ಕೆ ಅಂಟುತ್ತೆ. ಒಳಗಿನ ಬನಿಯನ್‌ಗೂ ಇದೇ ಮಾತು.

ಶೆಡ್ಡಿನ ಉಳಿದ ಭಾಗ, ಬೇಗ ಬೇಗ.

ಆಪರೇಟರ್: ಕ್ರೇನ್ ಕೆಳಗೆ ನಡೀಬೇಡಿ, ಕೊಕ್ಕೆ ಖಾಲಿ ಇದ್ದರೂ ಸರಿ. ಫೋರ್ಕ್‌ಲಿಫ್ಟ್ ಡ್ರೈವರ್ ಕಣ್ಣು ನಿಮ್ಮ ಕಣ್ಣಿಗೆ ಸಿಗುವ ತನಕ ದಾಟಬೇಡಿ. ಮರಳಿನ ಧೂಳಿಗೆ ಮಾಸ್ಕ್ ಹಾಕಲೇಬೇಕು. ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬಂದರೆ ಮತ್ತೆ ವಾಸಿಯಾಗಲ್ಲ. ಮನೆಗೆ ಹೋಗುವಾಗ ಏರ್ ಪೈಪ್ ಹಿಡಿದು ಬಟ್ಟೆ ಕೊಡವೋದು ಇದೆಯಲ್ಲ, ಅದನ್ನಂತೂ ಬಿಟ್ಟುಬಿಡಿ.

ಮರಳು ಮಿಕ್ಸರ್ ಒಳಗೆ ಕೈ ಹಾಕಬೇಕಾ? ಸ್ವಿಚ್ ಆಫ್ ಮಾಡಿದರೆ ಸಾಲದು. ನಿಮ್ಮದೇ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. "ಕೀ ಕೊಡು, ನಾನು ನೋಡ್ಕೋತೀನಿ" ಅಂತ ಎಂಥ ದೋಸ್ತ್ ಕೇಳಿದರೂ ಕೊಡಬೇಡಿ.

ಕೈ ತೊಳೆಯುವ ನಲ್ಲಿ. ಸಂಗೀತ ಬೇಡ, ನೀರಿನ ಸದ್ದು ಸಾಕು.

ಆಪರೇಟರ್: ಸುಟ್ಟರೆ ಮಾತ್ರ ನೀರೇ ಬೇಕು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉಂಗುರ, ವಾಚು ಊದಿಕೊಳ್ಳುವ ಮೊದಲೇ ತೆಗೀರಿ. ಅಂಟಿದ ಬಟ್ಟೆ ಕೀಳಬೇಡಿ. ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಗಾಯ ದೊಡ್ಡದಾಗಿದ್ದರೆ ಒಬ್ಬರು ನೀರು ಹಾಕುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ, ಮತ್ತೊಬ್ಬರು ಗೇಟಿಗೆ ಓಡಿ. ಮಳೆಯಲ್ಲಿ ಆಂಬ್ಯುಲೆನ್ಸ್‌ನವರು ನಮ್ಮ ಬೋರ್ಡ್ ಹುಡುಕುತ್ತಾ ಕೂರಬಾರದು.

ಆಯ್ತು, ಈಗ ಸ್ಟೋರ್‌ಗೆ ನಡೀರಿ. ಬೂಟಿನ ಅಳತೆ ಸರಿಯಾಗಿ ಹೇಳಿ, "ಎಂಟೋ ಒಂಬತ್ತೋ, ಯಾವುದಾದ್ರೂ ಕೊಡಿ" ಅನ್ನಬೇಡಿ. ಸಾಕ್ಸ್ ಎರಡು ಜೊತೆ ಕೇಳಿ ತಗೊಳ್ಳಿ.