ಜೀವನ ಕೌಶಲ ಪಾಠ: ಮುರಿದ ಕೈವಾರ

7ನೇ ತರಗತಿ. ಅವಧಿ 40 ನಿಮಿಷ. ಬೇಕಾದದ್ದು ಒಂದು ಕೈವಾರ, ಒಂದು ನೋಟ್‌ಬುಕ್.

ಮೊದಲ ಹತ್ತು ನಿಮಿಷ

"ಸಿಟ್ಟು ಬಂದಾಗ ಮೈಯಲ್ಲಿ ಮೊದಲು ಏನಾಗುತ್ತೆ?" ಎಂದು ಕೇಳಿ. ಕಿವಿ ಬಿಸಿಯಾಗುತ್ತದೆ, ಮುಷ್ಟಿ ಬಿಗಿಯಾಗುತ್ತದೆ, ಗಂಟಲು ಕಟ್ಟುತ್ತದೆ. ಮಕ್ಕಳು ಹೇಳಿದ್ದನ್ನೆಲ್ಲ ಹಲಗೆಯ ಮೇಲೆ ಬರೆಯಿರಿ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ ಎಂದು ತಿಳಿಸಿ. ದುಡುಕನ್ನು ತಡೆಯುವ ಮಿದುಳಿನ ಮುಂಭಾಗ ಇಪ್ಪತ್ತು ವರ್ಷ ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಹಾಗಾಗಿ ಈ ವಯಸ್ಸಿನವರಿಗೆ "ಸಿಟ್ಟು ಮಾಡ್ಕೋಬೇಡ" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಸಿಟ್ಟು ಬರಲಿ, ಕೈ ಎತ್ತುವುದು ಬೇಡ.

ಎಲ್ಲರೂ ಸೇರಿ ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಲಿ. ಐದು ಸಲ. ನಿಧಾನವಾಗಿ ಬಿಡುವ ಉಸಿರಿನಿಂದ ಎದೆಬಡಿತ ಇಳಿಯುತ್ತದೆ.

ಪಾತ್ರಾಭಿನಯ: ಮೊದಲ ಸಲ

ಸುಹಾಸ್ ಕೇಳದೆ ತೆಗೆದುಕೊಂಡ ಕೈವಾರ ಮುರಿದಿದೆ.

ಕಾವ್ಯ: ನನ್ನ ಕೈವಾರ ಮುರಿದು ಹಾಕಿದ್ದೀಯಾ! ಕಳ್ಳ!
ಸುಹಾಸ್: ಯಾರನ್ನೇ ಕಳ್ಳ ಅಂತೀಯ? ನಿನ್ನ ಡಬ್ಬಾ ಕೈವಾರ ಮೊದಲೇ ಸಡಿಲ ಆಗಿತ್ತು!
(ಕಾವ್ಯ ಅವನ ನೋಟ್‌ಬುಕ್ ನೆಲಕ್ಕೆ ಎಸೆಯುತ್ತಾಳೆ.)

"ನಿಲ್ಲಿ!" ಎನ್ನಿ. ಇಬ್ಬರೂ ಇದ್ದಂತೆಯೇ ನಿಲ್ಲಲಿ. ಯಾವ ಮಾತಿಗೆ ಜಗಳ ಹತ್ತಿಕೊಂಡಿತು ಎಂದು ತರಗತಿಯನ್ನು ಕೇಳಿ. ಇಲ್ಲಿ ಅವಸರ ಬೇಡ, ಪಾಠದ ಜೀವ ಇರುವುದು ಇಲ್ಲೇ. "ಕಳ್ಳ" ಎಂದ ಕೂಡಲೇ ಕೈವಾರದ ಮಾತು ಹಿಂದೆ ಸರಿದು ಮಾನದ ಮಾತು ಮುಂದೆ ಬಂತು ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಎರಡನೇ ಸಲ

ಈಗ ಮೀನಾ ನಡುವೆ ಬರುತ್ತಾಳೆ. ಅವಳು ತೀರ್ಪು ಹೇಳುವಂತಿಲ್ಲ.

ಕಾವ್ಯ: (ಉಸಿರು ಬಿಟ್ಟು) ಕೇಳದೇ ತಗೊಂಡಿದ್ದಕ್ಕೆ ನನಗೆ ತುಂಬಾ ಸಿಟ್ಟು ಬಂದಿದೆ. ನಾಳೆ ಪರೀಕ್ಷೆ ಇದೆ.
ಮೀನಾ: ಸುಹಾಸ್, ಅವಳು ಏನು ಹೇಳಿದ್ಲು, ನೀನೇ ಹೇಳು.
ಸುಹಾಸ್: ಕೇಳಲಿಲ್ಲ ಅಂತ ಸಿಟ್ಟು. ಪರೀಕ್ಷೆಗೆ ಏನು ಮಾಡೋದು ಅಂತ ಚಿಂತೆ.
ಮೀನಾ: ಈಗ ನಿನ್ನ ಮಾತು ಹೇಳು.
ಸುಹಾಸ್: ನೀನು ಇರಲಿಲ್ಲ, ಬೇಗ ವಾಪಸ್ ಇಡೋಣ ಅಂದ್ಕೊಂಡೆ. ಬಿದ್ದುಬಿಡ್ತು, ಹೇಳೋಕೆ ಹೆದರಿಕೆ ಆಯ್ತು.
ಕಾವ್ಯ: ಬೀಳಿಸಿದೆ, ಹೇಳೋಕೆ ಹೆದರಿದೆ. ಸರಿ, ನಾಳೆಗೆ ಏನು ಮಾಡೋಣ?
ಸುಹಾಸ್: ಅಣ್ಣನ ಹತ್ತಿರ ಒಂದಿದೆ. ಬೆಳಿಗ್ಗೆ ತಂದುಕೊಡ್ತೀನಿ.

ಬಳಿಕ ಕಾವ್ಯ, ಸುಹಾಸ್ ಪಾತ್ರಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಆಡಿಸಿ.

ಶಿಕ್ಷಕರಿಗೆ

ನಿಜವಾಗಿ ಜಗಳವಾಡಿರುವ ಇಬ್ಬರಿಗೆ ಈ ಪಾತ್ರ ಕೊಡಬೇಡಿ. ಬಲವಂತದ "ಸಾರಿ" ಹೇಳಿಸಬೇಡಿ, ಅದರಿಂದ ಜಗಳ ಕಣ್ಣಿಗೆ ಮರೆಯಾಗುತ್ತದೆ, ಮನಸ್ಸಿನಲ್ಲಿ ಉಳಿಯುತ್ತದೆ. ಒಬ್ಬರೇ ಪದೇ ಪದೇ ಪೀಡನೆಗೆ ಗುರಿಯಾಗುತ್ತಿದ್ದರೆ ಅದನ್ನು ಜಗಳ ಎಂದು ಕರೆಯಲಾಗದು. ಅಲ್ಲಿ ರಾಜಿ ಮಾಡಿಸಲು ಹೋಗದೆ, ನೀವೇ ಮುಂದೆ ನಿಂತು ಆ ಮಗುವನ್ನು ಕಾಪಾಡಿ.

ಮನೆಗೆ

ಈ ವಾರ ಸಿಟ್ಟು ಬಂದ ಒಂದು ಸಂದರ್ಭ, ಆಗ ಬಾಯಿಗೆ ಬಂದ ಮಾತು, ಅದರ ಬದಲು ಹೇಳಬಹುದಾಗಿದ್ದ ಮಾತು ಬರೆದು ತನ್ನಿ. ಹೆಸರು ಬರೆಯುವುದು ಬೇಡ.