ಯಾರ ಕಾಲು ಎಷ್ಟು?

(ಸೊನ್ನೆಗೆ ಮುಷ್ಟಿ ಕಟ್ಟಿ. ಆಮೇಲೆ ಒಂದೊಂದೇ ಬೆರಳು ಬಿಚ್ಚುತ್ತಾ ಹಾಡಿ. ಕೊಕ್ಕರೆ ಬಂದಾಗ ಮಕ್ಕಳೂ ಒಂಟಿಕಾಲಲ್ಲಿ ನಿಲ್ಲಲಿ, ಬಿದ್ದವರು ನಗಲಿ.)

ಬಾರೋ ಪುಟ್ಟ, ಬಾರೇ ಪುಟ್ಟಿ,
ಕಾಲು ಎಣಿಸೋಣ ಬೆರಳು ಮುಟ್ಟಿ!

ಹಾವಿಗೆ ಕಾಲು ಎಷ್ಟಿದೆ ಹೇಳು?
ಸೊನ್ನೇ ಸೊನ್ನೆ! ಸರಸರ ಕೇಳು!

ಕೆರೆಯಲಿ ಕೊಕ್ಕರೆ ನಿಂತಿದೆಯಲ್ಲಾ,
ಒಂದೇ ಕಾಲು, ಇನ್ನೊಂದಿಲ್ಲಾ?
ಗರಿಯಲಿ ಬೆಚ್ಚಗೆ ಅಡಗಿದೆ ನೋಡು,
ಎರಡನೆ ಕಾಲನು ಲೆಕ್ಕಕೆ ಕೂಡು!

ಕೊಕ್ಕೊಕ್ಕೋ ಕೋಳಿಗೆ ಎರಡೇ ಕಾಲು,
ಕೆದಕಿತು ಮಣ್ಣು, ಮರಿಗಳ ಸಾಲು!

ಕಿವಿಯ ಕೆರೆಯೋ ನಾಯಿಮರಿ,
ನೆಲದ ಮೇಲೆ ಮೂರೇ, ಸರಿ!
ತುರಿಕೆ ಹೋಯ್ತು, ಕಾಲಿಳಿಸಿತು,
ನಾಲ್ಕೂ ಊರಿ ಬಾಲ ಕುಣಿಸಿತು!

ಆನೆಗೆ ಕಾಲು ನಾಲ್ಕೇ ನಾಲ್ಕು,
ಸೊಂಡಿಲು ಸೇರ್ಸು, ಐದು... ಸಾಕು!

ಇರುವೆಗೆ ಆರು, ಗುಡುಗುಡು ಓಟ,
ಕಾಳು ಸಿಕ್ಕರೆ ಗೂಡಲಿ ಊಟ!

ಜೇಡಕೆ ಎಂಟು; ಒಂದನು ಎತ್ತಿ
ಟಾಟಾ ಮಾಡಿತು ಬಲೆಯನು ಹತ್ತಿ.
ಉಳಿದದ್ದೆಷ್ಟು? ಏಳು, ಏಳು!
ಕಾಲಿಳಿಸಿತು, ಮತ್ತೆ ಎಂಟು ಹೇಳು!

ಏಡಿಯು ಬಂತು ಅಡ್ಡಡ್ಡ ಓಡಿ,
ಚಿವುಟೋ ಎರಡೂ ಸೇರಿಸಿ ನೋಡಿ!
ಒಂದನು ಮಣ್ಣಲಿ ಬಚ್ಚಿಟ್ಟಿತ್ತು,
ಒಂಬತ್ತಾಯ್ತು! ತೆಗೆದರೆ ಹತ್ತು!

ಅಯ್ಯೋ, ಜರಿಹುಳ ಜರಜರ ಹರಿದು,
ಎಣಿಸೋಕೆ ನನ್ನ ಬೆರಳೇ ಸಾಲದು!
ನಿನ್ನವು ಕೊಡು, ಅಕ್ಕಂದೂ ಕೊಡು,
ಮೊದಲಿಂದ ಮತ್ತೆ ಎಣಿಸಿಬಿಡು!